ಮಲ್ಪೆಯ ಫೋನಿನ ಟಚ್ ದುರಸ್ತಿ: ಗಾರ್ಡಿನಡಿಯ ಉಪ್ಪು ಮತ್ತು ಗಾಜಿನಂಚಿನ ಬಿರುಕು

ಇದು ನನ್ನ ಸೋದರಮಾವನವರ ಫೋನಿನ ದುರಸ್ತಿಯ ದಾಖಲೆ. ಅವರು ಮಲ್ಪೆ ಬಂದರಿನಲ್ಲಿ ಮಂಜುಗಡ್ಡೆಯ ವ್ಯವಹಾರ ನಡೆಸುತ್ತಾರೆ. ಫೋನು ಎರಡು ವರ್ಷ ಹಳೆಯದು, 6.5 ಅಂಗುಲದ ಎಲ್‌ಸಿಡಿ ಪರದೆ, 720 × 1600 ಪಿಕ್ಸೆಲ್. ಒಂದೇ ಪರದೆಯಲ್ಲಿ ಎರಡು ಬೇರೆ ಬೇರೆ ದೋಷಗಳು ಒಟ್ಟಿಗೆ ಸೇರಿಕೊಂಡಿದ್ದರಿಂದ ಮೊದಲ ಎರಡು ದಿನ ನಾನು ಒಂದರ ಲಕ್ಷಣವನ್ನು ಇನ್ನೊಂದರದ್ದೆಂದು ತಿಳಿದು ಶ್ರಮ ಹಾಳುಮಾಡಿಕೊಂಡೆ. ಯಾವ ಹೆಜ್ಜೆಯಲ್ಲಿ ತಪ್ಪಿದೆ ಎಂಬುದನ್ನೂ ಆಯಾ ದಿನದಲ್ಲೇ ಬರೆದಿದ್ದೇನೆ.

ಆಗಸ್ಟ್ 10, 2024, ಶನಿವಾರ: ದೂರು ಮತ್ತು ಮೊದಲ ಪರಿಶೀಲನೆ

ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಅವಧಿ ಜುಲೈ 31ಕ್ಕೆ ಮುಗಿದು ಬಂದರು ಮತ್ತೆ ಶುರುವಾಗಿ ಹತ್ತು ದಿನವಾಗಿತ್ತು. ಮಾವ ಫೋನನ್ನು ಮೇಜಿನ ಮೇಲಿಟ್ಟು, "ಎಂತ ಮಾರಾಯ ಇದು, ನಾನು ಮುಟ್ಟುವುದೇ ಬೇಡ, ಅದರಷ್ಟಕ್ಕೇ ಯಾರಿಗೋ ಫೋನ್ ಮಾಡ್ತದೆ. ಹಣ ಹಾಕುವ ಅಂತ ಹೋದರೆ ಮೂರು, ಆರು, ಒಂಬತ್ತು ಒತ್ತಲಿಕ್ಕೇ ಆಗುವುದಿಲ್ಲ" ಎಂದರು. ಹಿಂದಿನ ದಿನ ಯುಪಿಐ ಪಿನ್ ಹಾಕುವಾಗ ತಾನಾಗಿ ಅಂಕಿಗಳು ಬಿದ್ದು, ತಪ್ಪು ಪಿನ್ ಎಂದು ಆ ದಿನದ ಮಟ್ಟಿಗೆ ಪಾವತಿಯೇ ನಿಂತುಹೋಗಿತ್ತು. ಅಂಗಡಿಯೊಂದರಲ್ಲಿ ಫೋನನ್ನು ಕೈಗೆತ್ತಿಕೊಳ್ಳದೆಯೇ "ಕಾಂಬೋ ಬದಲಾಯಿಸಬೇಕು, 2,400 ರೂಪಾಯಿ" ಎಂದಿದ್ದರಂತೆ. ಕಾಂಬೋ ಎಂದರೆ ಗಾಜು, ಟಚ್, ಎಲ್‌ಸಿಡಿ ಸೇರಿದ ಪೂರ್ತಿ ಪರದೆ. ನೀರು ಹೋಗಿರಬೇಕೆಂದು ಅತ್ತೆ ಒಂದು ರಾತ್ರಿ ಫೋನನ್ನು ಕುಚ್ಚಲಕ್ಕಿಯ ಡಬ್ಬದಲ್ಲಿ ಹೂತಿಟ್ಟಿದ್ದರು. ಅದರಿಂದ ಆದದ್ದು ಚಾರ್ಜಿಂಗ್ ಕಿಂಡಿಯಲ್ಲಿ ಅಕ್ಕಿಯ ಹುಡಿ ತುಂಬಿಕೊಂಡದ್ದು ಮಾತ್ರ. ಅದನ್ನು ಮರದ ಹಲ್ಲುಕಡ್ಡಿಯಿಂದ ತೆಗೆದೆ.

ಬಿಚ್ಚುವುದಕ್ಕೆ ಮೊದಲು ದೋಷ ಎಲ್ಲಿದೆ ಎಂದು ನಕ್ಷೆ ಮಾಡಿಕೊಳ್ಳಬೇಕು. ಸೆಟ್ಟಿಂಗ್ಸ್‌ನ About phone ಒಳಗೆ Build number ಎಂಬುದನ್ನು ಏಳು ಬಾರಿ ಒತ್ತಿದರೆ Developer options ತೆರೆದುಕೊಳ್ಳುತ್ತದೆ. ಅಲ್ಲಿ Pointer location ಚಾಲು ಮಾಡಿದರೆ ಬೆರಳು ಹೋದಲ್ಲೆಲ್ಲ ಪರದೆಯ ಮೇಲೆ ಗೆರೆ ಮೂಡುತ್ತದೆ, ಮೇಲ್ಗಡೆ X ಮತ್ತು Y ಅಂಕಿಗಳು ಓಡುತ್ತವೆ. ನೆಲ ಒರೆಸಿದಂತೆ ಎಡದಿಂದ ಬಲಕ್ಕೆ, ಒತ್ತೊತ್ತಾಗಿ, ಮೇಲಿಂದ ಕೆಳಗಿನವರೆಗೆ ಬೆರಳೆಳೆದೆ. ಪ್ರತಿ ಗೆರೆಯೂ X 580ರ ಆಸುಪಾಸಿನಲ್ಲಿ ಕಡಿದು 630ರಲ್ಲಿ ಮತ್ತೆ ಶುರುವಾಗುತ್ತಿತ್ತು. ಈ ಪರದೆಯ ಅಗಲ ಸುಮಾರು 68 ಮಿಲಿಮೀಟರ್, ಆದ್ದರಿಂದ 50 ಪಿಕ್ಸೆಲ್ ಎಂದರೆ ಐದು ಮಿಲಿಮೀಟರಿಗೆ ತುಸು ಕಡಿಮೆ. ಮೇಲಿನಿಂದ ಕೆಳಗಿನವರೆಗೂ ಅಷ್ಟೇ ಅಗಲದ ನೇರ ಪಟ್ಟಿ ಸತ್ತಿತ್ತು, ಮತ್ತು ಅಂಕಿಗಳ ಬಲಸಾಲಿನ ನಡುಭಾಗ ಸರಿಯಾಗಿ ಆ ಪಟ್ಟಿಯ ಮೇಲೆ ಬೀಳುತ್ತಿತ್ತು. ಫೋನನ್ನು ಅಡ್ಡ ತಿರುಗಿಸಿ ಮತ್ತೆ ಎಳೆದಾಗಲೂ ಪಟ್ಟಿ ಗಾಜಿನ ಅದೇ ಜಾಗದಲ್ಲೇ ಇತ್ತು. ಯಾವುದೋ ಆ್ಯಪ್ ಅಡ್ಡ ಬಂದಿದ್ದರೆ ಪಟ್ಟಿಯೂ ಚಿತ್ರದ ಜೊತೆ ತಿರುಗಬೇಕಿತ್ತು.

ತಾನಾಗಿ ಬೀಳುವ ಸ್ಪರ್ಶಗಳ, ಅಂದರೆ ಭೂತಸ್ಪರ್ಶಗಳ, ನಡತೆ ಇದಕ್ಕೆ ತದ್ವಿರುದ್ಧವಾಗಿತ್ತು. ಅವು ಎಡಗಡೆಯ ಕೆಳಮೂಲೆಯಲ್ಲಿ ಹುಟ್ಟಿ, ಅಂಚಿನ ಉದ್ದಕ್ಕೆ ಹರಿದಾಡಿ, ಒಮ್ಮೊಮ್ಮೆ ಪೂರ್ತಿ ನಿಂತುಹೋಗುತ್ತಿದ್ದವು. ಕಣ್ಣಂದಾಜು ಸಾಲದೆಂದು ಲ್ಯಾಪ್‌ಟಾಪಿಗೆ ಜೋಡಿಸಿ ಎಣಿಸಿದೆ. ಫೋನಿನಲ್ಲಿ USB debugging ಮತ್ತು Stay awake ಎರಡನ್ನೂ ಚಾಲು ಮಾಡಿದೆ, ಏಕೆಂದರೆ ಪರದೆ ಆರಿದರೆ ಎಣಿಕೆಗೆ ಅರ್ಥವಿಲ್ಲ. ಚಾರ್ಜರಿನ ವಿದ್ಯುತ್ ಗದ್ದಲ ಲೆಕ್ಕದಲ್ಲಿ ಬೆರೆಯದಿರಲೆಂದು ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆಯೇ ಓಡಿಸಿದೆ. ಲ್ಯಾಪ್‌ಟಾಪಿನಲ್ಲಿ adb ಎಂಬ ಆ್ಯಂಡ್ರಾಯ್ಡ್ ಉಪಕರಣದ ಮೂಲಕ ಕೊಟ್ಟ ಆಜ್ಞೆ ಇಷ್ಟೇ:

```
adb shell getevent -lt > touch.txt
```

ಹೊಸ ಸ್ಪರ್ಶ ಬಿದ್ದಾಗಲೆಲ್ಲ ಕಡತದಲ್ಲಿ ABS_MT_TRACKING_ID ಎಂಬ ಸಾಲು ಒಂದು ಸಂಖ್ಯೆಯೊಡನೆ ಬರುತ್ತದೆ, ಬೆರಳು ತೆಗೆದಾಗ ಅದೇ ಸಾಲು ffffffff ಎಂದು ಬರುತ್ತದೆ. ಮೊದಲ ಬಗೆಯ ಸಾಲುಗಳನ್ನು ಎಣಿಸಿದರೆ ಸಾಕು. ಒಣ ಮರದ ಮೇಜಿನ ಮೇಲೆ ಮುಟ್ಟದೆ ಇಟ್ಟಾಗ ಹತ್ತು ನಿಮಿಷಕ್ಕೆ 19 ಸ್ಪರ್ಶ. ಗಾಜಿಗೆ ಬೆರಳು ತಾಗಿಸದೆ, ಲೋಹದ ಚೌಕಟ್ಟನ್ನು ಮಾತ್ರ ಕೈಯಲ್ಲಿ ಹಿಡಿದಾಗ ಹತ್ತು ನಿಮಿಷಕ್ಕೆ 164.

ಈ ಎರಡು ಅಂಕಿಗಳ ಅಂತರವೇ ನನಗೆ ಅತ್ಯಂತ ಉಪಯುಕ್ತವಾದ ಸುಳಿವಾಯಿತು. ಗಾಜಿನ ಮೇಲೆ ಒಂಟಿಯಾಗಿ ಕುಳಿತ ನೀರಿನ ಹನಿಯನ್ನು ಫೋನು ಬೆರಳೆಂದು ತಿಳಿಯುವುದು ಕಡಿಮೆ. ಆದರೆ ಉಪ್ಪುನೀರಿನ ಪೊರೆ ಅಂಚಿನವರೆಗೆ ಹರಡಿ ಚೌಕಟ್ಟನ್ನೋ ನಮ್ಮ ಕೈಯನ್ನೋ ಮುಟ್ಟಿತೆಂದರೆ, ಅದು ಬೆರಳಿನಂತೆಯೇ ಚಾರ್ಜನ್ನು ಸೆಳೆಯತೊಡಗುತ್ತದೆ. ಆದುದರಿಂದ ಮೇಜಿನ ಮೇಲೆ ಸುಮ್ಮನಿದ್ದು ಕೈಗೆತ್ತಿಕೊಂಡೊಡನೆ ಹುಚ್ಚಾಟ ಶುರುಮಾಡುವ ಫೋನಿನಲ್ಲಿ ಮೊದಲು ತೇವವನ್ನು ಶಂಕಿಸಬೇಕು.

ಅದೇ ದಿನ ರಾತ್ರಿ: ನನ್ನದೇ ಹಳೆಯ ತಪ್ಪು

ಜುಲೈ ಮೂರನೆಯ ವಾರದಲ್ಲಿ ಮಾವ 150 ರೂಪಾಯಿಯ ಟೆಂಪರ್ಡ್ ಗ್ಲಾಸ್ ಹಾಕಿಸಿಕೊಂಡಿದ್ದರು. ಅದು ಅಂಚಿನಲ್ಲಿ ಮಾತ್ರ ಅಂಟಿರುವ ಬಗೆಯದು, ನಡುವೆ ಅಂಟಿಲ್ಲದೆ ತೆಳುವಾದ ಗಾಳಿಯ ಪದರ ಉಳಿಯುತ್ತದೆ. ಗಾರ್ಡ್ ಹಾಕಿದ ಮೇಲೆ ಟಚ್ ಸರಿಯಾಗಿ ಹಿಡಿಯುವುದಿಲ್ಲವೆಂದು ಅವರು ಆಗಲೇ ನನಗೆ ಫೋನ್ ಮಾಡಿ ಹೇಳಿದ್ದರು. ಬೇರೆ ಗಾರ್ಡ್ ಹಾಕಿಸಿ ಎನ್ನಬೇಕಾದ ನಾನು, ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶದ ಸಂವೇದನೆಯನ್ನು ಹೆಚ್ಚಿಸುವ ಆಯ್ಕೆಯನ್ನು ಚಾಲು ಮಾಡಲು ಹೇಳಿಕೊಟ್ಟಿದ್ದೆ. ದಪ್ಪ ಗಾರ್ಡಿನಾಚೆಯ ಬೆರಳನ್ನೂ ಗುರುತಿಸುವಂತೆ ಆ ಆಯ್ಕೆ, ಸ್ಪರ್ಶವೆಂದು ಒಪ್ಪಿಕೊಳ್ಳುವ ಹೊಸ್ತಿಲನ್ನು ಕೆಳಗಿಳಿಸುತ್ತದೆ. ಹೊಸ್ತಿಲು ಕೆಳಗಿಳಿದ ಮೇಲೆ ಗಾರ್ಡಿನಡಿಯ ತೇವಕ್ಕೂ ಅದನ್ನು ದಾಟುವುದು ಸುಲಭವಾಯಿತು.

ಆ ಆಯ್ಕೆಯನ್ನು ಆಫ್ ಮಾಡಿ, ಕೈಯಲ್ಲಿ ಹಿಡಿದು ಮತ್ತೆ ಎಣಿಸಿದೆ. 164 ಇದ್ದದ್ದು 41ಕ್ಕೆ ಇಳಿಯಿತು. ಮಾವನವರ ತೊಂದರೆಯ ಬಹುಪಾಲು ನನ್ನ ಸಲಹೆಯಿಂದಲೇ ಬಂದದ್ದು ಎಂಬುದನ್ನು ಅವರಿಗೆ ಅಂದೇ ತಿಳಿಸಿದೆ.

ಆಗಸ್ಟ್ 11, ಭಾನುವಾರ: ಗಾರ್ಡ್ ತೆಗೆದದ್ದು, ತಪ್ಪು ದ್ರವದಿಂದ ಒರೆಸಿದ್ದು

ಫೋನನ್ನು ಆರಿಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಗಾರ್ಡಿನ ಒಂದು ಮೂಲೆಯನ್ನು ಅರ್ಧ ನಿಮಿಷ ಬೆಚ್ಚಗೆ ಮಾಡಿ, ಹಳೆಯ ಪ್ಲಾಸ್ಟಿಕ್ ಕಾರ್ಡನ್ನು ಅಡಿಗೆ ತೂರಿಸಿ ನಿಧಾನವಾಗಿ ಎಬ್ಬಿಸಿದೆ. ಎಡಗಡೆಯ ಕೆಳಮೂಲೆಯಲ್ಲಿ ಅಂಟು ಬಿಟ್ಟು, ಅಲ್ಲಿಂದ ಒಳಗೆ ಬೆರಳುಗುರಿನಷ್ಟು ಅಗಲಕ್ಕೆ ಬಿಳಿಯ ಮಾಸಲು ಪೊರೆ ಹಬ್ಬಿತ್ತು. ಬಂದರಿನಲ್ಲಿ ಮೀನಿನ ನೀರು ತಾಗಿದ ಕೈಯಲ್ಲೇ ದಿನವಿಡೀ ಫೋನ್ ಹಿಡಿದದ್ದರ ಗುರುತು ಅದು. ಭೂತಸ್ಪರ್ಶಗಳು ಹುಟ್ಟುತ್ತಿದ್ದ ಮೂಲೆಯೂ ಅದೇ.

ಉಡುಪಿಯಲ್ಲಿ 100 ಮಿಲಿಲೀಟರಿಗೆ 120 ರೂಪಾಯಿಯಂತೆ ಸಿಕ್ಕಿದ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆ ನೆನೆಸಿ ಪರದೆಯನ್ನು ಮೂರು ಸಲ ಒರೆಸಿದೆ. ಗಾಜು ಫಳಫಳ ಹೊಳೆಯಿತು. ಮಧ್ಯಾಹ್ನ ಎ.ಸಿ. ಇರುವ ಕೋಣೆಯಲ್ಲಿ ಕೈಯಲ್ಲಿ ಹಿಡಿದು ಹತ್ತು ನಿಮಿಷ ಎಣಿಸಿದಾಗ ಒಂದೂ ಸ್ಪರ್ಶ ಬರಲಿಲ್ಲ. ಕೆಲಸ ಅರ್ಧ ಮುಗಿಯಿತೆಂದು ಬರೆದಿಟ್ಟುಕೊಂಡೆ.

ರಾತ್ರಿ ಒಂಬತ್ತಕ್ಕೆ ಚಾವಡಿಯಲ್ಲಿ ಅದೇ ಪರೀಕ್ಷೆ ಮಾಡಿದರೆ 23 ಬಂತು. ಸಂವೇದನೆಯ ಆಯ್ಕೆ ಆರಿತ್ತು, ಗಾರ್ಡ್ ಇರಲಿಲ್ಲ, ನೀರು ತಾಗಿರಲಿಲ್ಲ. ಕ್ಯಾಮೆರಾದ ಪೆಟ್ಟಿಗೆಯಲ್ಲಿಡುವ ಪುಟ್ಟ ಆರ್ದ್ರತಾಮಾಪಕವನ್ನು ತಂದು ನೋಡಿದೆ. ಎ.ಸಿ. ಕೋಣೆಯಲ್ಲಿ 58 ಶೇಕಡಾ ಇದ್ದದ್ದು ಚಾವಡಿಯಲ್ಲಿ 91 ಇತ್ತು. ಆಗ ಅರ್ಥವಾಯಿತು. ಉಪ್ಪು ಆಲ್ಕೊಹಾಲಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ನಾನು ಒರೆಸಿದಾಗ ಜಿಡ್ಡು ಹೋಗಿ ಗಾಜು ಹೊಳೆದಿತ್ತೇ ಹೊರತು, ಉಪ್ಪು ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡಿಕೊಂಡು, ಬಹುಪಾಲು ಗಾಜು ಮತ್ತು ಚೌಕಟ್ಟಿನ ನಡುವಿನ ಗೀರಿನಲ್ಲಿ ಸೇರಿಕೊಂಡಿತ್ತು. ಅಡುಗೆಯ ಉಪ್ಪು ಗಾಳಿಯ ಆರ್ದ್ರತೆ ಸುಮಾರು 75 ಶೇಕಡಾ ದಾಟಿದೊಡನೆ ನೀರನ್ನು ಹೀರಿ ತಾನೇ ದ್ರವವಾಗುತ್ತದೆ, ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕೂ ಬಹಳ ಮೊದಲೇ ಒದ್ದೆಯಾಗುತ್ತದೆ. ಆಟಿಯಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿಯೊಳಗೆ ನೀರು ನಿಲ್ಲುವುದು ಇದೇ ಕಾರಣಕ್ಕೆ. ಹಗಲು ಒಣಕೋಣೆಯಲ್ಲಿ ಸರಿಯಿದ್ದು ರಾತ್ರಿಯೋ ಮಳೆ ಹಿಡಿದಾಗಲೋ ಮರುಕಳಿಸುವ ಭೂತಸ್ಪರ್ಶಕ್ಕೆ ಕರಾವಳಿಯಲ್ಲಿ ಮೊದಲು ನೋಡಬೇಕಾದದ್ದು ಉಳಿದುಹೋದ ಉಪ್ಪನ್ನು. ಅಕ್ಕಿಯ ಡಬ್ಬ ಇಲ್ಲಿ ಕೆಲಸಕ್ಕೆ ಬಾರದಿರುವುದೂ ಇದರಿಂದಲೇ: ನೀರು ಆರಿದರೂ ಉಪ್ಪು ಅಲ್ಲೇ ಇರುತ್ತದೆ.

ಆಗಸ್ಟ್ 12, ಸೋಮವಾರ: ಬ್ಯಾಟರಿ ನೀರು

ವಾಹನಗಳ ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರನ್ನು 25 ರೂಪಾಯಿಗೆ ತಂದೆ. ಕೊಳವೆಬಾವಿಯ ನೀರು ಬೇಡ, ಅದರಲ್ಲೂ ಲವಣಗಳಿರುತ್ತವೆ. ಆರಿಸಿದ ಫೋನನ್ನು ಮುಖ ಕೆಳಗಾಗಿ ಓರೆ ಹಿಡಿದು, ಹಿಂಡಿದರೆ ಹನಿ ಬೀಳದಷ್ಟು ಮಾತ್ರ ತೇವವಾದ ಬಟ್ಟೆಯಿಂದ ಮೂರು ಸಲ ಒರೆಸಿದೆ, ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆಯಿಂದ. ಅಂಚಿನ ಗೀರಿಗೆ ಹಲ್ಲುಕಡ್ಡಿಯ ತುದಿಗೆ ಸುತ್ತಿದ ಹತ್ತಿಯನ್ನು ಬಳಸಿದೆ. ಕೊನೆಗೆ ನೀರನ್ನು ಬೇಗ ಆರಿಸಲೆಂದು ಆಲ್ಕೊಹಾಲಿನಿಂದ ಒಮ್ಮೆ ಒರೆಸಿದೆ. ಇದೇ ಸರಿಯಾದ ಕ್ರಮ: ಮೊದಲು ನೀರು, ಆಮೇಲೆ ಆಲ್ಕೊಹಾಲು.

ರಾತ್ರಿ ಚಾವಡಿಯಲ್ಲಿ ಆರ್ದ್ರತೆ 90 ಇದ್ದಾಗ ಕೈಯಲ್ಲಿ ಹಿಡಿದು ಎಣಿಸಿದರೆ ಸೊನ್ನೆ. ಬೆಳಗಿನ ಜಾವ ಐದಕ್ಕೆ ಎದ್ದು ಮತ್ತೊಮ್ಮೆ ಎಣಿಸಿದಾಗಲೂ ಸೊನ್ನೆ. ಸತ್ತ ಪಟ್ಟಿ ಮಾತ್ರ 580ರಿಂದ 630ರವರೆಗೆ ಕೂದಲೆಳೆಯಷ್ಟೂ ಬದಲಾಗದೆ ಇತ್ತು.

ಆಗಸ್ಟ್ 15, ಗುರುವಾರ: ಸತ್ತ ಪಟ್ಟಿಯ ಹಿಂದೆ

ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ವಾಹಕ ಗೆರೆಗಳು ಉದ್ದಕ್ಕೂ ಅಡ್ಡಕ್ಕೂ ಸುಮಾರು ನಾಲ್ಕೈದು ಮಿಲಿಮೀಟರ್ ಅಂತರದಲ್ಲಿ ಹಾದುಹೋಗಿರುತ್ತವೆ. ಸತ್ತ ಜಾಗ ಅದೇ ಅಗಲದ ನೇರ ಪಟ್ಟಿಯಾಗಿದ್ದರೆ ಒಂದು ಗೆರೆಯ ಸಂಪರ್ಕ ತಪ್ಪಿದೆ ಎಂದರ್ಥ. ಗಾರ್ಡಿನ ಗುಳ್ಳೆಯಿಂದಾಗಲಿ ತೇವದಿಂದಾಗಲಿ ಸತ್ತ ಜಾಗಕ್ಕೆ ಇಂಥ ನೇರ ಅಂಚು ಬರುವುದಿಲ್ಲ, ಅದು ಅಡ್ಡಾದಿಡ್ಡಿಯಾಗಿರುತ್ತದೆ. ಸಂಪರ್ಕ ತಪ್ಪಲು ಎರಡು ಜಾಗ ಸಾಧ್ಯ: ಬೋರ್ಡಿಗೆ ಸಿಕ್ಕಿಸುವ ರಿಬ್ಬನ್ ಕನೆಕ್ಟರು, ಇಲ್ಲವೇ ಗಾಜೇ.

ರಜೆಯಾದ್ದರಿಂದ ಬಿಚ್ಚಲು ಕುಳಿತೆ. ಚಾರ್ಜನ್ನು 20 ಶೇಕಡಾಕ್ಕೆ ಇಳಿಸಿ, ಸಿಮ್ ತಟ್ಟೆ ಹೊರತೆಗೆದು, ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಪಿಕ್‌ನಿಂದ ಎಬ್ಬಿಸಿದೆ. ಪಿಕ್, ಹೀರುಬಟ್ಟಲು, ಸಣ್ಣ ಸ್ಕ್ರೂಡ್ರೈವರುಗಳಿರುವ ಕಿಟ್ 180 ರೂಪಾಯಿ. ಒಳಗಿನ ನೀರಿನ ಗುರುತಿನ ಸ್ಟಿಕ್ಕರ್ ಬಿಳಿಯಾಗಿಯೇ ಇತ್ತು, ಅಂದರೆ ತೇವ ಫೋನಿನ ಒಳಕ್ಕೆ ಹೋಗಿರಲಿಲ್ಲ. ಮೊದಲು ಬ್ಯಾಟರಿಯ ಕನೆಕ್ಟರನ್ನು, ಆಮೇಲೆ ಡಿಸ್‌ಪ್ಲೇಯ ಕನೆಕ್ಟರನ್ನು ಬಿಡಿಸಿ, ಮೆತ್ತಗಿನ ಬ್ರಶ್ಶಿನಿಂದ ಆಲ್ಕೊಹಾಲು ಹಚ್ಚಿ ಉಜ್ಜಿ, ಒಣಗಿಸಿ, ಮತ್ತೆ ಸಿಕ್ಕಿಸಿದೆ. ಹಸಿರು ಕಿಲುಬೇನೂ ಕಾಣಲಿಲ್ಲ. ಪಟ್ಟಿ ಹಾಗೆಯೇ ಇತ್ತು.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗಾಜಿಗೆ ಸಮಾನಾಂತರವಾಗಿ ಹಿಡಿದು ಅಂಚುಗಳನ್ನು ನೋಡುತ್ತ ಬಂದೆ. ಬಲಗಡೆಯ ಕೆಳಭಾಗದ ಕಪ್ಪು ಅಂಚಿನಲ್ಲಿ ಸುಮಾರು 9 ಮಿಲಿಮೀಟರ್ ಉದ್ದದ ಕೂದಲಿನಂಥ ಬಿರುಕೊಂದು ಮಿಂಚಿತು. ಗಾರ್ಡ್ ತೆಗೆಯುವವರೆಗೆ ಅದರ ಕಪ್ಪು ಚೌಕಟ್ಟು ಇದನ್ನು ಮುಚ್ಚಿಟ್ಟಿತ್ತು. ವಿಚಾರಿಸಿದಾಗ, ಆಗಸ್ಟ್ ಮೊದಲ ವಾರ ಫೋನು ಐಸ್ ಪುಡಿ ಮಾಡುವಲ್ಲಿ ಸಿಮೆಂಟು ನೆಲಕ್ಕೆ ಬಿದ್ದಿತ್ತೆಂದೂ ಗಾರ್ಡಿಗೆ ಏನೂ ಆಗದ್ದರಿಂದ ಹೇಳಲಿಲ್ಲವೆಂದೂ ಮಾವ ಹೇಳಿದರು. ಗಾಜಿನ ಉದ್ದಗೆರೆಗಳು ರಿಬ್ಬನ್ ಕಡೆಗೆ ಸೇರುವುದು ಈ ಕೆಳಗಿನ ಅಂಚಿನಲ್ಲೇ. ಗಾರ್ಡ್ ಒಡೆಯದಿದ್ದರೆ ಅಡಿಯ ಗಾಜೂ ಒಡೆದಿಲ್ಲವೆಂದು ನಂಬಬಾರದು. ಅಂಚಿಗೆ ಬಿದ್ದ ಪೆಟ್ಟು ಗಾರ್ಡನ್ನು ಮುಟ್ಟದೆಯೇ ಚೌಕಟ್ಟಿನ ಮೂಲಕ ಗಾಜಿಗೆ ತಲುಪಬಲ್ಲದು.

ಇಲ್ಲಿ ನಾನು ಮಾಡಿದ ತಪ್ಪು ದುಬಾರಿಯಾಯಿತು. ಬಿರುಕಿನ ಬಳಿ ಹೆಬ್ಬೆರಳಿನಿಂದ ಒತ್ತಿದಾಗ ಪಟ್ಟಿ ಒಂದು ಕ್ಷಣ ಜೀವ ಪಡೆದು ಗೆರೆ ಕಡಿಯದೆ ಹಾದುಹೋಯಿತು. ದೋಷ ಬಿರುಕಿನಲ್ಲೇ ಇದೆ ಎಂದು ಸಾಬೀತಾಗಲು ಅಷ್ಟು ಸಾಕಿತ್ತು. ಖಚಿತಪಡಿಸಿಕೊಳ್ಳಲೆಂದು ಇನ್ನಷ್ಟು ಬಲವಾಗಿ ಒತ್ತಿದೆ. ಬಿರುಕು ಚಿಟ್ಟೆಂದು ಮುಂದಕ್ಕೆ ಓಡಿ, X 530ರ ಬಳಿ ಎರಡನೆಯ ಪಟ್ಟಿಯೂ ಸತ್ತಿತು. ಒಂದು ಪಟ್ಟಿಯಿದ್ದಾಗ ಫೋನನ್ನು ಅಡ್ಡ ಹಿಡಿದಾದರೂ ಹೇಗೋ ಕೆಲಸ ಸಾಗಿಸಬಹುದಿತ್ತು, ಎರಡಾದ ಮೇಲೆ ಆ ದಾರಿಯೂ ಮುಚ್ಚಿತು. ಬಿರುಕಿನ ಪರೀಕ್ಷೆಗೆ ಬೆರಳಿನ ಸಹಜ ಭಾರಕ್ಕಿಂತ ಹೆಚ್ಚು ಒತ್ತಬಾರದು, ಒಂದು ಸಲಕ್ಕಿಂತ ಹೆಚ್ಚೂ ಒತ್ತಬಾರದು.

ಆಗಸ್ಟ್ 17 ಮತ್ತು 18: ಕಾಂಬೋ ಬದಲಾವಣೆ

ಈ ಫೋನಿನಲ್ಲಿ ಗಾಜು, ಟಚ್, ಎಲ್‌ಸಿಡಿ ಮೂರೂ ಒಂದಾಗಿ ಅಂಟಿರುವುದರಿಂದ ಟಚ್ ಒಂದನ್ನೇ ಬದಲಾಯಿಸುವುದು ಮನೆಯಲ್ಲಿ ಆಗದ ಕೆಲಸ. ಚೌಕಟ್ಟಿಲ್ಲದ ಕಾಂಬೋ 1,650 ರೂಪಾಯಿಗೆ ಸಿಕ್ಕಿತು. ಮೇಲಿನ ರಕ್ಷಣಾ ಹಾಳೆ ಕಿತ್ತರೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಅಂಗಡಿಯವರು ಮೊದಲೇ ಹೇಳಿದ್ದರು. ಆದ್ದರಿಂದ ಹಳೆಯ ಪರದೆಯನ್ನು ಕೀಳುವ ಮೊದಲೇ ಹೊಸದರ ರಿಬ್ಬನ್ನನ್ನು ಬೋರ್ಡಿಗೆ ಸಿಕ್ಕಿಸಿ, ಹಾಳೆಯ ಮೇಲಿಂದಲೇ ಇಡೀ ಪರದೆಯಲ್ಲಿ ಗೆರೆ ಎಳೆದು ನೋಡಿದೆ. ಎಲ್ಲಿಯೂ ಕಡಿಯಲಿಲ್ಲ.

ಹಳೆಯದನ್ನು ತೆಗೆಯಲು ಅಂಚುಗಳನ್ನು ಡ್ರೈಯರಿನಿಂದ ಸುಮಾರು 70 ಡಿಗ್ರಿಯವರೆಗೆ ಕಾಯಿಸಿ, ಹೀರುಬಟ್ಟಲಿನಿಂದ ಎತ್ತಿ, ಪಿಕ್ಕನ್ನು ಎರಡು ಮೂರು ಮಿಲಿಮೀಟರಿಗಿಂತ ಒಳಗೆ ಬಿಡದೆ ಸುತ್ತ ಓಡಿಸಿದೆ. ಕೆಳಗಿನ ಅಂಚಿನಲ್ಲಿ ರಿಬ್ಬನ್ ಇರುವುದರಿಂದ ಅಲ್ಲಿ ಕೊನೆಗೆ ಕೈಹಾಕಿದೆ. ಹೆಚ್ಚು ಸಮಯ ಹಿಡಿದದ್ದು ಚೌಕಟ್ಟಿನ ಹಳೆಯ ಅಂಟನ್ನೂ ಗಾಜಿನ ಚೂರುಗಳನ್ನೂ ತೆಗೆಯುವುದಕ್ಕೆ, ಸುಮಾರು ಒಂದೂವರೆ ಗಂಟೆ. ಒಂದು ಚೂರು ಉಳಿದರೂ ಹೊಸ ಗಾಜು ಅದರ ಮೇಲೆ ಕುಳಿತು ಒಡೆಯುತ್ತದೆ. ಬಿ-7000 ಅಂಟನ್ನು (90 ರೂಪಾಯಿ) ಅಂಚಿಗೆ ತೆಳುವಾಗಿ ಎಳೆದು, ಪರದೆ ಕೂರಿಸಿ, ರಬ್ಬರ್ ಬ್ಯಾಂಡುಗಳನ್ನು ಸಡಿಲವಾಗಿ ಹಾಕಿ 24 ಗಂಟೆ ಬಿಟ್ಟೆ. ರಬ್ಬರ್ ಬಿಗಿಯಾದರೆ ಎಲ್‌ಸಿಡಿಯಲ್ಲಿ ಬಿಳಿಯ ಮಚ್ಚೆ ಬೀಳುತ್ತದೆ.

ಆಗಸ್ಟ್ 19, ಸೋಮವಾರ: ಅಂತಿಮ ಎಣಿಕೆ

ರಾತ್ರಿ, ಆರ್ದ್ರತೆ 88. ಮೇಜಿನ ಮೇಲೆ ಸೊನ್ನೆ, ಕೈಯಲ್ಲಿ ಸೊನ್ನೆ. ಆಮೇಲೆ ಚಾರ್ಜರುಗಳನ್ನು ಪರೀಕ್ಷಿಸಿದೆ. ಆಗ ಫೋನಿನ ಕಿಂಡಿ ಚಾರ್ಜರಿಗೆ ಹೋಗುವುದರಿಂದ ಲ್ಯಾಪ್‌ಟಾಪಿನ ಎಣಿಕೆ ಆಗುವುದಿಲ್ಲ, Pointer location ಗೆರೆಗಳನ್ನೇ ಕಣ್ಣಿಟ್ಟು ನೋಡಬೇಕು. ಫೋನಿನ ಜೊತೆ ಬಂದ ಚಾರ್ಜರಿನಲ್ಲಿ ಏನೂ ಇರಲಿಲ್ಲ. ಬಂದರಿನ ಕೋಣೆಯಲ್ಲಿ ಮಾವ ಬಳಸುವ, ಹೆಸರಿಲ್ಲದ ಅಗ್ಗದ ಚಾರ್ಜರಿಗೆ ಸಿಕ್ಕಿಸಿದೊಡನೆ ಬೆರಳೆಳೆದ ಗೆರೆ ನಡುಗತೊಡಗಿತು, ಆಗೊಮ್ಮೆ ಈಗೊಮ್ಮೆ ದೂರದಲ್ಲೊಂದು ಚುಕ್ಕೆಯೂ ಬಿತ್ತು. ಕಿತ್ತೊಡನೆ ನಿಂತಿತು. ಇದು ಪರದೆಯ ದೋಷವಲ್ಲ, ಚಾರ್ಜರಿನ ದೋಷ. ಆ ಚಾರ್ಜರನ್ನು ತೆಗೆದಿಟ್ಟುಕೊಂಡೆ.

ಹೊಸ ಗಾರ್ಡ್ ಪೂರ್ತಿ ಅಂಟಿರುವ ಬಗೆಯದು, 200 ರೂಪಾಯಿ. ಅದನ್ನು ಎ.ಸಿ. ಕೋಣೆಯಲ್ಲಿ ಒಂದು ಗಂಟೆ ಫೋನನ್ನು ಇಟ್ಟು ಒಣಗಿಸಿದ ಮೇಲೆ, ನೀರು ಮತ್ತು ಆಲ್ಕೊಹಾಲಿನಿಂದ ಅದೇ ಕ್ರಮದಲ್ಲಿ ಒರೆಸಿ ಹಾಕಿದೆ. ಸಂವೇದನೆಯ ಆಯ್ಕೆ ಆರಿದ್ದರೂ ಟಚ್ ಸರಾಗವಾಗಿದೆ. ಒಟ್ಟು ಖರ್ಚು 2,265 ರೂಪಾಯಿ. ಅಂಗಡಿಯವರು ಹೇಳಿದ್ದಕ್ಕಿಂತ 135 ರೂಪಾಯಿಯಷ್ಟೇ ಕಡಿಮೆ. ಆದರೆ ಅಂದೇ ಕಾಂಬೋ ಹಾಕಿಸಿ ಅದೇ ಬಗೆಯ ಗಾರ್ಡನ್ನು ಅದೇ ಸೆಟ್ಟಿಂಗಿನೊಡನೆ ಬಳಸಿದ್ದರೆ, ಹೊಸ ಪರದೆಯಲ್ಲೂ ಭೂತಸ್ಪರ್ಶ ಮರಳುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸೆಪ್ಟೆಂಬರ್ 8, ಭಾನುವಾರ: ಮೂರು ವಾರಗಳ ನಂತರ

ಮಾವ ದಿನವೂ ಸಂಜೆ ಮನೆಗೆ ಬಂದು ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಫೋನಿನ ಅಂಚುಗಳನ್ನು ಒರೆಸುತ್ತಿದ್ದಾರೆ. ಸ್ಯಾನಿಟೈಸರಿನಿಂದ ಒರೆಸುವುದನ್ನು ಬಿಡಿಸಿದ್ದೇನೆ. ಕೈಯಲ್ಲಿ ಹಿಡಿದು ಎಣಿಸಿದಾಗ ಇಂದೂ ಸೊನ್ನೆ. ಬಲಗಡೆಯ ಮೇಲ್ಮೂಲೆಯಲ್ಲಿ ನನ್ನ ಅಂಟು ಕಾಗದದ ದಪ್ಪದಷ್ಟು ಎದ್ದಿದೆ, ಉಗುರು ತಾಗಿಸಿದರೆ ತಿಳಿಯುತ್ತದೆ. ಅಲ್ಲಿಂದ ಉಪ್ಪುನೀರು ಒಳಗಿಳಿಯುವ ಮೊದಲು ಬಿಸಿಮಾಡಿ ಮತ್ತೆ ಅಂಟಿಸಬೇಕಾಗಿದೆ. ಒಂದು ದಿನದ ಮಟ್ಟಿಗೆ ಫೋನ್ ಬಿಟ್ಟುಕೊಡಲು ಮುಂದಿನ ಭಾನುವಾರ ಬಿಡುವಿದೆ ಎಂದು ಮಾವ ಹೇಳಿದ್ದಾರೆ.